ಜನವರಿ 24ರಿಂದ ಹಿಂದಕ್ಕೆ

ಕಾಲೇಜೊಂದರ ಕನ್ನಡ ವಿಭಾಗ ಜನವರಿ 24ಕ್ಕೆ ವಿಚಾರ ಸಂಕಿರಣ ಇಟ್ಟುಕೊಂಡಿದೆ ಎನ್ನಿ. ದಿನ ನಿಗದಿಯಾದ ಮೇಲೆ ಲೆಕ್ಕ ಅಲ್ಲಿಂದ ಹಿಂದಕ್ಕೆ ಬರಬೇಕು. ಪ್ರಬಂಧಗಳ ಪುಸ್ತಕ 22ಕ್ಕೆ ಕೈಸೇರಬೇಕು. ಮುದ್ರಣ, ಬೈಂಡಿಂಗಿಗೆ ಹತ್ತು ದಿನವೆಂದರೆ 12ಕ್ಕೆ ಪ್ರೆಸ್ಸಿಗೆ ಹೋಗಬೇಕು. ಕರಡು ತಿದ್ದಲು ಮೂರು ವಾರ ಬೇಕು. ಹಾಗಾಗಿ ಪ್ರಬಂಧಗಳು ಡಿಸೆಂಬರ್ 22ರೊಳಗೆ ಬಂದಿರಬೇಕು. ಬರೆಯಲು ಎರಡು ತಿಂಗಳು ಕೊಟ್ಟರೆ ಪತ್ರ ಅಕ್ಟೋಬರಿನಲ್ಲೇ ಹೊರಡಬೇಕು. ಹೇಳಿದ ದಿನಕ್ಕೆ ಬರೆದುಕೊಡುವ ಮೇಷ್ಟ್ರುಗಳು ಅಪರೂಪ, ಅವರಿಗೆ ಡಿಸೆಂಬರ್ 15 ಎಂದೇ ಹೇಳಿ.

ಆ ದಿನದ್ದೂ ಇದೇ ಲೆಕ್ಕ. ಆಹ್ವಾನ ಪತ್ರಿಕೆಯ ಕಾರ್ಯಕ್ರಮ ಸಭಿಕರಿಗೆ. ಸಂಘಟಕರಿಗೆ ಬೇರೆಯೇ ಹಾಳೆ ಬೇಕು, ಪ್ರತಿ ಸಾಲಿನಲ್ಲೂ ಹೊತ್ತು, ಕೆಲಸ, ಹೊಣೆ ಹೊತ್ತವರ ಹೆಸರು. 9.30 ಮೈಕ್ ಪರೀಕ್ಷೆ, 10.00 ಪ್ರಾರ್ಥನೆ, 10.05 ಸ್ವಾಗತ, 10.15 ಉದ್ಘಾಟನೆ, 11.15 ಚಹಾ, 11.35 ಮೊದಲ ಗೋಷ್ಠಿ, 1.15 ಊಟ. ಹಳಿ ತಪ್ಪುವುದು ಬಹುಪಾಲು ಉದ್ಘಾಟನೆಯಲ್ಲೇ. ವೇದಿಕೆಯ ಆರು ಮಂದಿಗೆ ಹಾರ, ಶಾಲು, ಕಾಣಿಕೆ ಎಂದರೆ ತಲಾ ಎರಡು ನಿಮಿಷದಂತೆ ಹನ್ನೆರಡು ನಿಮಿಷ. ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. 10.45ಕ್ಕೂ ಮುಖ್ಯ ಭಾಷಣ ಶುರುವಾಗದಿದ್ದರೆ ಚಹಾವನ್ನು ಕುಳಿತಲ್ಲಿಗೇ ಕಳಿಸಬೇಕೆಂದು ಮೊದಲೇ ತೀರ್ಮಾನಿಸಿರಬೇಕು. ಊಟದ ಹೊತ್ತನ್ನು ಮಾತ್ರ ಸರಿಸಬೇಡಿ. ಹಾಳೆಯ ಒಂದು ಪ್ರತಿ ಅಡುಗೆಯವರಿಗೂ ಕೊಡಿ.