ಸ್ಟಿಕ್ಕರ್ ಓದಿ, ಬ್ಯಾಚ್ ನಂಬರ್ ಕೇಳಿ

ದುಬೈಯಿಂದ ರಜೆಗೆ ಬಂದ ಅಣ್ಣ ಸೂಟ್‌ಕೇಸಿನಲ್ಲಿ ತಂದ ಚಾಕೊಲೇಟಿಗೆ ಭಾರತದ ಯಾವ ಸ್ಟಿಕ್ಕರೂ ಇರುವುದಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಅದು ಮನೆಮಂದಿ ತಿನ್ನಲು ತಂದದ್ದು. ಅದೇ ಕಂಪನಿಯ ಅದೇ ಚಾಕೊಲೇಟು ಸ್ಟಿಕ್ಕರ್ ಇಲ್ಲದೆ ಅಂಗಡಿಯ ಕಪಾಟಿನಲ್ಲಿ ಕೂತಿದ್ದರೆ ಮಾತು ಬೇರೆ. ಮಾಲು ಅಸಲಿಯೇ ಇರಬಹುದು, ಆದರೆ ಅದು ನಮ್ಮ ದೇಶಕ್ಕೆ ಮಾರಾಟದ ಸರಕಾಗಿ ಸರಿದಾರಿಯಲ್ಲಿ ಬಂದಿಲ್ಲ. ಇದನ್ನೇ ಗ್ರೇ ಮಾರ್ಕೆಟ್ ಮಾಲು ಎನ್ನುವುದು. ನಕಲಿ ಮಾಲಿಗೂ ಇದಕ್ಕೂ ವ್ಯತ್ಯಾಸವಿದೆ. ಆದರೆ ಪರಿಶೀಲನೆ ತಪ್ಪಿಸಿಕೊಂಡು ಬರುವ ಈ ದಾರಿಯಲ್ಲೇ ನಕಲಿಯೂ ನುಸುಳುತ್ತದೆ. ಅಂಗಡಿಯಲ್ಲಿ ನಿಂತಾಗ ಎರಡನ್ನೂ ಒಂದೇ ವಿಧಾನದಲ್ಲಿ ಪರೀಕ್ಷಿಸಬಹುದು.

ಮೊದಲು ಪೊಟ್ಟಣವನ್ನು ತಿರುಗಿಸಿ ಆಮದುದಾರರ ಲೇಬಲ್ ಹುಡುಕಬೇಕು. ನೂರು ಗ್ರಾಮಿನ ಒಂದು ಮಿಲ್ಕ್ ಚಾಕೊಲೇಟ್ ಎಂದುಕೊಳ್ಳಿ. ಸರಿಯಾಗಿ ಬಂದ ಮಾಲಾದರೆ ಹಿಂಬದಿಯಲ್ಲಿ ಒಂದು ಬಿಳಿ ಸ್ಟಿಕ್ಕರ್ ಇರುತ್ತದೆ, ಇಲ್ಲವೇ ಅದರ ವಿವರಗಳನ್ನು ಕಾರ್ಖಾನೆಯಲ್ಲೇ ಮುದ್ರಿಸಿರುತ್ತಾರೆ. ಆಮದುದಾರ ಸಂಸ್ಥೆಯ ಹೆಸರು ಮತ್ತು ಪೂರ್ತಿ ವಿಳಾಸ, ಎಫ್‌ಎಸ್‌ಎಸ್‌ಎಐ ಗುರುತಿನ ಜೊತೆ 14 ಅಂಕಿಯ ಲೈಸೆನ್ಸ್ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ ಅಥವಾ ಮಾಂಸಾಹಾರದ ಕಂದು ತ್ರಿಕೋನ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಅಥವಾ ಇಮೇಲ್ ಅಲ್ಲಿ ಸಿಗಬೇಕು. ಬೆಲೆ ಮಾತ್ರ ಬರೆದ ಪುಟ್ಟ ಚೀಟಿ ಅಂಟಿಸಿದ್ದರೆ ಅದು ಅಂಗಡಿಯವರದು, ಆಮದುದಾರರದ್ದಲ್ಲ.

ಆ 14 ಅಂಕಿಗಳನ್ನು ಕಣ್ಣಲ್ಲಿ ನೋಡಿ ಬಿಡಬೇಡಿ. ಆಹಾರ ಆಮದು ಮಾಡುವವರು ಕೇಂದ್ರ ಲೈಸೆನ್ಸ್ ಪಡೆಯಬೇಕು, ಅಂಥ ಸಂಖ್ಯೆ 100 ಎಂದು ಶುರುವಾಗುತ್ತದೆ. ಮೊಬೈಲಿನಲ್ಲಿ foscos.fssai.gov.in ತೆರೆದು ಲೈಸೆನ್ಸ್ ಹುಡುಕುವ ಕಡೆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ ಎಂದು ತೋರಿಸುತ್ತದೆ. ಸ್ಟಿಕ್ಕರಿನಲ್ಲಿ ಒಂದು ಹೆಸರು, ಪರದೆಯ ಮೇಲೆ ಇನ್ನಾವುದೋ ಊರಿನ ಬೇಕರಿಯ ಹೆಸರು ಬಂದರೆ ಆ ಸ್ಟಿಕ್ಕರನ್ನು ನಂಬುವಂತಿಲ್ಲ.

ಇನ್ನೂ ಒಂದನ್ನು ಗಮನಿಸಬೇಕು. ಆಮದುದಾರರ ವಿವರ, ಲೈಸೆನ್ಸ್ ಸಂಖ್ಯೆ, ಹಸಿರು ಚುಕ್ಕೆಯಂಥ ಕೆಲವನ್ನು ಇಲ್ಲಿಗೆ ಬಂದ ಮೇಲೆ, ಕಸ್ಟಮ್ಸ್ ಬಿಡುಗಡೆಗೆ ಮೊದಲು, ಸ್ಟಿಕ್ಕರಿನಲ್ಲಿ ಹಾಕಲು ನಿಯಮ ಒಪ್ಪುತ್ತದೆ. ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಪದಾರ್ಥಗಳ ಪಟ್ಟಿ ಮಾತ್ರ ಕಾರ್ಖಾನೆಯ ಮೂಲ ಮುದ್ರಣದಲ್ಲೇ ಇರಬೇಕು. ಹಾಗಾಗಿ ದಿನಾಂಕದ ಮೇಲೆ ಸ್ಟಿಕ್ಕರ್ ಕೂತಿದ್ದರೆ, ಅಥವಾ ಪದಾರ್ಥಗಳ ಪಟ್ಟಿ ಬರೀ ಅರಬ್ಬಿಯಲ್ಲೋ ಟರ್ಕಿ ಭಾಷೆಯಲ್ಲೋ ಇದ್ದರೆ ಆ ಪೊಟ್ಟಣವನ್ನು ಕೆಳಗಿಡಿ. ಹಾಗೆಂದು ವಿದೇಶಿ ಹೆಸರು ಕಂಡಲ್ಲೆಲ್ಲ ಆಮದುದಾರರನ್ನು ಹುಡುಕಬೇಕಿಲ್ಲ. ಇಟಲಿಯ ಫೆರೆರೊ ಕಂಪನಿಯ ಕಿಂಡರ್ ಜಾಯ್ ಮಹಾರಾಷ್ಟ್ರದ ಬಾರಾಮತಿಯಲ್ಲೇ ತಯಾರಾಗುತ್ತದೆ. ಅದರ ಮೇಲೆ ಇಲ್ಲಿನ ತಯಾರಕರ ವಿಳಾಸವೇ ಇರುವುದು ಸರಿ.

ಈಗ ಬ್ಯಾಚ್ ನಂಬರಿಗೆ ಬರೋಣ. ಒಂದು ಸಲಕ್ಕೆ, ಒಂದೇ ಪರಿಸ್ಥಿತಿಯಲ್ಲಿ ತಯಾರಾದ ಅಷ್ಟೂ ಮಾಲಿಗೆ ಕಾರ್ಖಾನೆ ಕೊಡುವ ಗುರುತು ಅದು. ಅದರ ಬೆಲೆ ತಿಳಿಯುವುದು ಏನಾದರೂ ಎಡವಟ್ಟಾದಾಗ. ಬೆಲ್ಜಿಯಂನ ಆರ್ಲೋನ್ ಊರಿನ ಫೆರೆರೊ ಕಾರ್ಖಾನೆಯ ಕಿಂಡರ್ ಚಾಕೊಲೇಟುಗಳಿಂದ ಸಾಲ್ಮೊನೆಲ್ಲಾ ಸೋಂಕು ಹರಡಿದ್ದು 2022ರ ಏಪ್ರಿಲ್‌ನಲ್ಲಿ ಬಯಲಾಯಿತು. ಹಲವು ದೇಶಗಳ ಮಕ್ಕಳು ಹೊಟ್ಟೆನೋವು, ಭೇದಿಯಿಂದ ನರಳಿದರು. ಆ ಕಾರ್ಖಾನೆಯ ಮಾಲು ಕನಿಷ್ಠ 113 ದೇಶಗಳಿಗೆ ಹೋಗಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಮೊದಮೊದಲು ಕೆಲವು ಉತ್ಪನ್ನಗಳನ್ನು ಹಿಂದಕ್ಕೆ ಕರೆಸಿಕೊಂಡ ಕಂಪನಿ, ಕೊನೆಗೆ ಆರ್ಲೋನ್‌ನಲ್ಲಿ ತಯಾರಾದ ಎಲ್ಲವನ್ನೂ ವಾಪಸ್ ತರಿಸಿಕೊಳ್ಳಬೇಕಾಯಿತು. ಇಂಥ ಹೊತ್ತಿನಲ್ಲಿ ಸುದ್ದಿ ತಯಾರಕರಿಂದ ಆಮದುದಾರರಿಗೆ, ಅವರಿಂದ ಅಂಗಡಿಗೆ ಇಳಿಯುತ್ತದೆ. ಗ್ರೇ ಮಾಲಿಗೆ ಆಮದುದಾರರೇ ಇಲ್ಲದ ಮೇಲೆ ಆ ಸರಪಳಿಯೂ ಇಲ್ಲ. ತೆರಿಗೆ ತಪ್ಪಿಸಿದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದೇ.

ಸೌಂದರ್ಯವರ್ಧಕಗಳ ವಿಷಯದಲ್ಲಿ ಬ್ಯಾಚ್ ಸಂಖ್ಯೆಗೆ ಇನ್ನೊಂದು ಕೆಲಸವೂ ಇದೆ. ಯುರೋಪಿನಲ್ಲಿ 30 ತಿಂಗಳಿಗಿಂತ ಹೆಚ್ಚು ಬಾಳುವ ಕ್ರೀಮು, ಫೌಂಡೇಶನ್‌ಗಳ ಮೇಲೆ ಅವಧಿ ಮುಗಿಯುವ ದಿನಾಂಕ ಕಡ್ಡಾಯವಿಲ್ಲ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12M ಎಂದು ಬರೆದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಎಂದರ್ಥ, ಅಷ್ಟೆ. ಭಾರತದಲ್ಲಿ ಹಾಗಲ್ಲ. ಇಲ್ಲಿ ಮಾರುವ ಮಾಲಿನ ಮೇಲೆ ಯಾವಾಗಿನೊಳಗೆ ಬಳಸಬೇಕೆಂಬ ದಿನಾಂಕ ಇರಬೇಕು. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಆಮದು ಪ್ರಸಾಧನಗಳನ್ನು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಾಯಿಸಿ, ಆ ನೋಂದಣಿ ಸಂಖ್ಯೆಯನ್ನೂ ಆಮದುದಾರರ ಹೆಸರು, ವಿಳಾಸವನ್ನೂ ಲೇಬಲ್ ಮೇಲೆ ಹಾಕಬೇಕು. ಸಂಖ್ಯೆಯಲ್ಲಿ ಸಾಮಾನ್ಯವಾಗಿ RC/COS ಎಂಬ ಅಕ್ಷರಗಳು ಕಾಣುತ್ತವೆ. ದಿನಾಂಕವೂ ಇಲ್ಲ, ನೋಂದಣಿಯೂ ಇಲ್ಲ, 12M ಮಾತ್ರ ಇದೆ ಎಂದಾದರೆ ಆ ಡಬ್ಬಿ ಬೇರೆ ದೇಶದ ಮಾರುಕಟ್ಟೆಗೆಂದು ತಯಾರಾದದ್ದು.

ಅಂಥ ಡಬ್ಬಿ ಈಗಾಗಲೇ ಮನೆಯಲ್ಲಿದ್ದರೆ ಅದರ ವಯಸ್ಸು ತಿಳಿಯಲು ಬ್ಯಾಚ್ ಸಂಖ್ಯೆ ನೆರವಾಗುತ್ತದೆ. ಕ್ಲಿನಿಕ್, ಮ್ಯಾಕ್ ಬ್ರ್ಯಾಂಡುಗಳ ಒಡೆಯ ಎಸ್ಟೀ ಲಾಡರ್ ಕಂಪನಿ ಬಹುಕಾಲ ಬಳಸಿಕೊಂಡು ಬಂದಿರುವ ಮೂರಕ್ಷರದ ಸಂಖ್ಯೆಯನ್ನೇ ನೋಡೋಣ. ಫೌಂಡೇಶನ್ ಬಾಟಲಿಯ ತಳದಲ್ಲಿ A74 ಎಂದಿದೆ. A ಎಂದರೆ ಕಾರ್ಖಾನೆ, 7 ಎಂದರೆ ಜುಲೈ ತಿಂಗಳು, 4 ಎಂದರೆ ಇಸವಿಯ ಕೊನೆಯ ಅಂಕಿ. ಅಂದರೆ 2024ರ ಜುಲೈ. ಆದರೆ 2014ರ ಜುಲೈ ಕೂಡ ಆಗಬಹುದು! ಬ್ಯಾಚ್ ಸಂಖ್ಯೆ ಹಾಕಿದರೆ ತಯಾರಿಕೆಯ ದಿನಾಂಕ ಹೇಳುವ ವೆಬ್‌ಸೈಟುಗಳ ಮಿತಿಯೂ ಇಲ್ಲೇ ಇದೆ. ಅವು ಸಂಖ್ಯೆಯನ್ನು ಬಿಡಿಸಿ ಹೇಳುತ್ತವೆ, ಮಾಲು ಅಸಲಿಯೇ ಎಂದು ಹೇಳಲಾರವು. ನಕಲಿ ಮಾಡುವವನು ಒಂದು ಅಸಲಿ ಬಾಟಲಿಯ ಸಂಖ್ಯೆಯನ್ನೇ ಸಾವಿರ ಬಾಟಲಿಗೆ ಹಾಕಿದರೂ ವೆಬ್‌ಸೈಟು ಅದೇ ದಿನಾಂಕ ತೋರಿಸುತ್ತದೆ.

ಹೊರಡಬ್ಬಿಯ ಸಂಖ್ಯೆ, ಒಳಗಿನ ಬಾಟಲಿಯ ಸಂಖ್ಯೆ ಎರಡೂ ಒಂದೇ ಇರಬೇಕು. ಬೇರೆಬೇರೆ ಇದ್ದರೆ ಯಾರೋ ಬಿಚ್ಚಿ ಸೇರಿಸಿದ್ದಾರೆ ಎಂಬ ಅನುಮಾನ ಸಹಜ. ಸಂಖ್ಯೆಯನ್ನು ಕೆರೆದು ಅಳಿಸಿದ್ದರೆ, ಡಬ್ಬಿಯಿಂದ ಕತ್ತರಿಸಿ ತೆಗೆದಿದ್ದರೆ ಅದಕ್ಕೆ ಕಾರಣ ಹೆಚ್ಚಾಗಿ ಒಂದೇ: ಯಾವ ದೇಶದ ಯಾವ ವಿತರಕನ ಗೋದಾಮಿನಿಂದ ಮಾಲು ಹೊರಬಿತ್ತೆಂದು ಕಂಪನಿ ಬ್ಯಾಚ್ ಸಂಖ್ಯೆಯಿಂದ ಪತ್ತೆ ಹಚ್ಚಬಹುದು. ಆ ಜಾಡು ಅಳಿಸಲೆಂದೇ ಕೆರೆಯುತ್ತಾರೆ. ಅಂಥದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಸ್ಟಿಕ್ಕರನ್ನೂ ನಕಲು ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು. ಲೈಸೆನ್ಸ್ ಸಂಖ್ಯೆ ಆಮದುದಾರ ಯಾರೆಂದು ಹೇಳುತ್ತದೆಯೇ ಹೊರತು ನಿಮ್ಮ ಕೈಯಲ್ಲಿರುವ ಪೊಟ್ಟಣ ಅವರದೇ ಎಂದು ಹೇಳುವುದಿಲ್ಲ. ಅದಕ್ಕೇ ಎರಡನ್ನೂ ಜೋಡಿಸಬೇಕು. ಆಮದುದಾರರ ಫೋನ್ ಸಂಖ್ಯೆಯನ್ನು ಸ್ಟಿಕ್ಕರಿನಿಂದ ತೆಗೆದುಕೊಳ್ಳದೆ ಅವರ ಅಧಿಕೃತ ವೆಬ್‌ಸೈಟಿನಿಂದ ಪಡೆದು, "ಈ ಬ್ಯಾಚಿನ ಮಾಲನ್ನು ನೀವು ತರಿಸಿದ್ದೀರಾ?" ಎಂದು ಕೇಳಿ. ಪೊಟ್ಟಣದ ಎರಡು ಫೋಟೋ ಕಳಿಸಿ. ಮನೆಯಲ್ಲಿ ಕೂತು ನಾವು ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದಿಲ್ಲ.

ಅನುಮಾನ ನಿಜವಾದರೆ ಬಿಲ್ಲು ಮತ್ತು ಡಬ್ಬಿ ಎರಡನ್ನೂ ಎಸೆಯಬೇಡಿ. ಚಾಕೊಲೇಟಾದರೆ ಎಫ್‌ಎಸ್‌ಎಸ್‌ಎಐಯ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ, ಪ್ರಸಾಧನವಾದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡಿ. ದುಡ್ಡು ವಾಪಸ್ ಬರಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.