ಹೆಪ್ಪಿನ ಬ್ಯಾಕ್ಟೀರಿಯಾ ಕರುಳಿನವರೆಗೆ ಹೋಗುತ್ತದೆಯೇ?

ಇಡ್ಲಿ, ದೋಸೆ ತಿಂದರೆ ಕರುಳಿಗೆ ಪ್ರೊಬಯಾಟಿಕ್ ಸಿಗುತ್ತದೆ ಎನ್ನುವ ಮಾತು ವಾಟ್ಸ್ಆಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ನಿಜವಲ್ಲ. ರುಬ್ಬಿಟ್ಟ ಹಿಟ್ಟನ್ನು ರಾತ್ರಿಯೆಲ್ಲ ಉಬ್ಬಿಸಿ ಹುಳಿ ಬರಿಸುವುದು ಲ್ಯೂಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳೇ. ಆದರೆ ಹತ್ತು ನಿಮಿಷ ಹಬೆಯಲ್ಲಿ ಬೆಂದ ಮೇಲೆ ಇಡ್ಲಿಯಲ್ಲಿ ಅವು ಬದುಕಿರುವುದಿಲ್ಲ. ಕಾವಲಿಯ ಮೇಲಿನ ದೋಸೆಯ ಕಥೆಯೂ ಅದೇ. ಹುದುಗಿನಿಂದ ಬಂದ ಮೆದುತನ, ರುಚಿ ಉಳಿಯುತ್ತವೆ; ಜೀವ ಉಳಿಯುವುದಿಲ್ಲ. ತಕ್ಕಷ್ಟು ಪ್ರಮಾಣದಲ್ಲಿ ಜೀವಂತವಾಗಿ ದೇಹ ಸೇರಿ ಆರೋಗ್ಯಕ್ಕೆ ಉಪಕಾರ ಮಾಡುವ ಸೂಕ್ಷ್ಮಜೀವಿಗೆ ಮಾತ್ರ ಪ್ರೊಬಯಾಟಿಕ್ ಎಂಬ ಹೆಸರು ಸಲ್ಲುತ್ತದೆ.

ಮೊಸರನ್ನು ನಾವು ಬೇಯಿಸದೆ ತಿನ್ನುತ್ತೇವೆ, ಆದ್ದರಿಂದ ಅದರ ವಿಷಯ ಬೇರೆ. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಮೊಸರೇ ಕಾರಣವೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಂಬಿದವರು ಎಲೀ ಮೆಚ್ನಿಕಾಫ್. ಮೊಸರಿನ ಬಲ್ಗೇರಿಕಸ್ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು ಮುಂದೆ ಅಮೆರಿಕದ ಲಿಯೋ ರೆಟ್ಗರ್ ತೋರಿಸಿದರು. ಜಠರದ ಆಮ್ಲ ಅದಕ್ಕೆ ಮೊದಲ ಪೆಟ್ಟು. ಅದನ್ನು ದಾಟಿದರೆ ಸಣ್ಣ ಕರುಳಿನ ಬಾಯಲ್ಲಿ ಪಿತ್ತರಸ ಕಾದಿರುತ್ತದೆ. ಜಿಡ್ಡನ್ನು ಒಡೆಯುವ ಪಿತ್ತರಸ, ಬ್ಯಾಕ್ಟೀರಿಯಾದ ಹೊರಪೊರೆಯನ್ನೂ ಒಡೆಯುತ್ತದೆ.

ಮೊಸರಿನ ನಿಜವಾದ ಗುಣ ಇರುವುದು ಈ ಸಾವಿನಲ್ಲೇ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಈ ಬ್ಯಾಕ್ಟೀರಿಯಾದೊಳಗಿದೆ. ಜಠರದಲ್ಲಿ ಹೊರಪೊರೆ ಅದನ್ನು ಆಮ್ಲದಿಂದ ಕಾಯುತ್ತದೆ. ಸಣ್ಣ ಕರುಳಿನಲ್ಲಿ ಪೊರೆ ಒಡೆದಾಗ ಕಿಣ್ವ ಹೊರಬಂದು, ಜೊತೆಗಿರುವ ಲ್ಯಾಕ್ಟೋಸನ್ನು ಅಲ್ಲೇ ಜೀರ್ಣಿಸುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೂ ಮೊಸರು ಒಗ್ಗುವುದು ಇದರಿಂದಲೇ. ಇದನ್ನು ಉಸಿರಿನಲ್ಲೇ ಅಳೆಯಬಹುದು. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳು ಸೇರಿದರೆ ಅಲ್ಲಿ ಹೈಡ್ರೋಜನ್ ಹುಟ್ಟಿ, ರಕ್ತದ ಮೂಲಕ ಉಸಿರಿಗೆ ಬರುತ್ತದೆ. 1984ರ ಒಂದು ಅಧ್ಯಯನದಲ್ಲಿ, ಹಾಲು ಒಗ್ಗದವರು ಮೊಸರು ತಿಂದಾಗ ಉಸಿರಿನ ಹೈಡ್ರೋಜನ್, ಅಷ್ಟೇ ಲ್ಯಾಕ್ಟೋಸ್ ಇರುವ ಹಾಲು ಕುಡಿದಾಗಿನದರ ಮೂರನೇ ಒಂದು ಭಾಗದಷ್ಟಿತ್ತು. ಗ್ರಾಮಿಗೆ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರುವ ಮೊಸರಿಗೆ ಈ ಒಂದು ಗುಣವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ 2010ರಲ್ಲಿ ಒಪ್ಪಿತು. ಕುದಿಸಿದ ಮಜ್ಜಿಗೆ ಹುಳಿಯಲ್ಲಿ ಬ್ಯಾಕ್ಟೀರಿಯಾವೂ ಸಾಯುತ್ತದೆ, ಕಿಣ್ವವೂ ಹಾಳಾಗುತ್ತದೆ. ಹಾಲು ಒಗ್ಗದವರು ಮೊಸರನ್ನಕ್ಕೆ ಅನ್ನ ಆರಿದ ಮೇಲೆ ಮೊಸರು ಕಲಸಿಕೊಳ್ಳುವುದು ಒಳ್ಳೆಯದು.

ಆಮ್ಲ, ಪಿತ್ತರಸ ಎರಡನ್ನೂ ದಾಟಿ ಜೀವಂತವಾಗಿ ಹೊರಬರುವ ತಳಿಗಳೂ ಇವೆ. ರಾಮ್ನೋಸಸ್ ಜಿಜಿ ಅಂಥದ್ದು. ಜಪಾನಿನ ಶಿರೋಟಾ ತಳಿಯೂ ಅಂಥದ್ದೇ. ಸೇವಿಸಿದವರ ಮಲದಲ್ಲಿ ಇವು ಜೀವಂತವಾಗಿ ಸಿಕ್ಕಿವೆ. ಇವೂ ಸಾಮಾನ್ಯವಾಗಿ ಕರುಳಿನಲ್ಲಿ ಕಾಯಂ ಆಗಿ ನಿಲ್ಲುವುದಿಲ್ಲ, ಸೇವಿಸುವುದನ್ನು ನಿಲ್ಲಿಸಿದ ಮೇಲೆ ಕ್ರಮೇಣ ಮಾಯವಾಗುತ್ತವೆ. ಗುಣವೂ ತಳಿಗೇ ಅಂಟಿಕೊಂಡದ್ದು: ಜಿಜಿಯಲ್ಲಿ ಕಂಡದ್ದನ್ನು ಅದೇ ಜಾತಿಯ ಇನ್ನೊಂದು ತಳಿಗೆ ಹಚ್ಚುವಂತಿಲ್ಲ. ಮನೆಯ ಹೆಪ್ಪಿನಲ್ಲಂತೂ ಯಾವ ತಳಿ ಎಷ್ಟಿದೆ ಎಂಬುದು ಪಾತ್ರೆಯಿಂದ ಪಾತ್ರೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಅಂಗಡಿಯ ಡಬ್ಬಿಯ ಮೇಲೆ ಪ್ರೊಬಯಾಟಿಕ್ ಎಂದಿದ್ದರೆ ತಳಿಯ ಪೂರ್ತಿ ಹೆಸರು, ಬಳಕೆಯ ಕೊನೆಯ ದಿನದವರೆಗೂ ಉಳಿಯುವ ಜೀವಂತ ಸಂಖ್ಯೆ, ಇವೆರಡನ್ನೂ ಹುಡುಕಿ. ಬರೀ ಲ್ಯಾಕ್ಟೋಬ್ಯಾಸಿಲಸ್ ಎಂದಷ್ಟೇ ಬರೆದಿದ್ದರೆ, ಅದಕ್ಕಾಗಿ ಹೆಚ್ಚು ದುಡ್ಡು ಕೊಡಬೇಕಿಲ್ಲ.