ನಿಮಗಿದು ಗೊತ್ತೆ? ಸೀಟಿನಡಿಯ ಗಾಳಿಗೂ ಒಂದು ಲೆಕ್ಕ
ದೊಡ್ಡ ಸಭಾಂಗಣಗಳಲ್ಲಿ ತಂಪು ಗಾಳಿ ಚಾವಣಿಯಿಂದಲೇ ಬೀಳಬೇಕೆಂದಿಲ್ಲ. ಕೆಲವೆಡೆ ಅದು ಸೀಟಿನ ಕೆಳಗಿನ ತೂತುತಟ್ಟೆಗಳಿಂದ ಮೆಲ್ಲಗೆ ಹೊರಬಂದು, ಪ್ರೇಕ್ಷಕರ ಮೈಶಾಖಕ್ಕೆ ಬಿಸಿಯಾಗಿ ತಾನೇ ಮೇಲೇರಿ ಹೊರಹೋಗುತ್ತದೆ. ಕಟ್ಟುವ ಮೊದಲೇ ಈ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಲು ಒಳಗಿನ ಜಾಗವನ್ನೆಲ್ಲ ಪುಟ್ಟ ಕೋಶಗಳ ಜಾಲರಿಯಾಗಿ, ಅಂದರೆ ಮೆಶ್ ಆಗಿ, ಒಡೆಯುತ್ತಾರೆ.

ತೊಡಕಿರುವುದು ಆ ತೂತುಗಳಲ್ಲೇ. ಒಂದೊಂದು ತೂತಿಗೂ ಕೋಶ ಕೊಡಹೋದರೆ ಸಾವಿರ ಸೀಟಿನ ಲೆಕ್ಕ ಮುಗಿಯುವುದೇ ಇಲ್ಲ. ಇಡೀ ತಟ್ಟೆಯೇ ತೆರೆದ ಬಾಯಿ ಎಂದುಕೊಂಡರೂ ತಪ್ಪು. ತಟ್ಟೆಯ 20% ಮಾತ್ರ ತೆರೆದಿದ್ದರೆ ತೂತಿನಲ್ಲಿ ಗಾಳಿಯ ವೇಗ ಲೆಕ್ಕದ ಐದು ಪಟ್ಟು. ಕಾಲಿಗೆ ಬಡಿಯುವ ಚಳಿ ಪರದೆಯ ಮೇಲೆ ಕಾಣುವುದೇ ಇಲ್ಲ! ಹಾಗಾಗಿ ಗಾಳಿಯ ಪ್ರಮಾಣವನ್ನೂ ಸಂವೇಗವನ್ನೂ ಬೇರೆಬೇರೆಯಾಗಿ ಕೊಡುತ್ತಾರೆ. ಸೀಟಿನ ಸುತ್ತ ಕೆಲವೇ ಸೆಂಟಿಮೀಟರಿನ ಕೋಶಗಳು, ಮೇಲೆ ಖಾಲಿ ಜಾಗದಲ್ಲಿ ದೊಡ್ಡವು.

ಫಲಿತಾಂಶವನ್ನು ಪರೀಕ್ಷಿಸಲು ಕಾಗದ, ಪೆನ್ನು ಸಾಕು. ಕುಳಿತವರೊಬ್ಬರು ಗಾಳಿಯನ್ನು ಬಿಸಿ ಮಾಡುವುದು ಸುಮಾರು 70 ವ್ಯಾಟ್ ಎನ್ನಿ. ತಲೆಗೆ ಸೆಕೆಂಡಿಗೆ 10 ಲೀಟರ್ ಗಾಳಿ ಕೊಟ್ಟರೆ ಅದು ಹೆಚ್ಚುಕಡಿಮೆ 6 ಡಿಗ್ರಿ ಬಿಸಿಯಾಗಬೇಕು. ದೀಪಗಳ ಶಾಖ ಬಿಟ್ಟರೆ, 20 ಡಿಗ್ರಿಯಲ್ಲಿ ಬಂದದ್ದು 26ರಲ್ಲಿ ಹೊರಹೋಗಬೇಕು. ತಾಳೆಯಾಗದಿದ್ದರೆ ಬಣ್ಣದ ಚಿತ್ರ ಎಷ್ಟೇ ಚೆಂದವಿದ್ದರೂ ನಂಬಬೇಡಿ.

ತಾಳೆಯಾದ ಮೇಲೂ ಬಾಲ್ಕನಿಯ ಮೇಲೆ ಕಣ್ಣಿರಬೇಕು. ಬಿಸಿಗಾಳಿಯ ಪದರ ಕುಳಿತವರ ತಲೆಮಟ್ಟಕ್ಕೆ ಇಳಿಯುವುದು ಅಲ್ಲೇ ಮೊದಲು. ಕೋಶಗಳನ್ನು ಇನ್ನಷ್ಟು ಚಿಕ್ಕದು ಮಾಡಿದಾಗ ಆ ಪದರದ ಎತ್ತರ ಬದಲಾದರೆ, ಜಾಲರಿ ಇನ್ನೂ ಒರಟಾಗಿದೆ ಎಂದರ್ಥ.